11 ಸ್ಕ್ರೀನ್‌ಶಾಟ್ ಮತ್ತು ಒಂದು ‘ಸರಿ.’

ಹಾಸ್ಟೆಲ್ ಕಾಲದ ಗೆಳತಿಗೆ ನನ್ನ ಮೇಲೆ ಕೋಪ ಅಂತ ಹೋದ ವರ್ಷ ತೀರ್ಮಾನ ಮಾಡಿಬಿಟ್ಟಿದ್ದೆ. ಸಾಕ್ಷಿ ಫೋನಿನಲ್ಲೇ ಇತ್ತು: 5 ವಾರದಲ್ಲಿ ತೆಗೆದ 11 ಸ್ಕ್ರೀನ್‌ಶಾಟ್. ಒಂದರಲ್ಲಿ ‘ಸರಿ.’, ಇನ್ನೊಂದರಲ್ಲಿ ‘ಹ್ಞೂಂ, ನೋಡೋಣ’. ಆ ‘ಸರಿ’ ಮುಂದಿನ ಚುಕ್ಕಿಯನ್ನು ಝೂಮ್ ಮಾಡಿ ನೋಡಿದ್ದೂ ಉಂಟು.

ತಂಗಿಗೆ ತೋರಿಸಿದೆ. “ನೋಡೇ, ಇವಳಿಗೆ ಏನೋ ಕೋಪ” ಅಂತ ಹೇಳಿಯೇ ಫೋನ್ ಕೊಟ್ಟೆ. “ಹೌದಕ್ಕ, ಕೋಪಾನೇ” ಅಂದಳು.

ನಾನು ಓದಿದ್ದು ಸೈಕಾಲಜಿ, ನಗಬೇಡಿ. ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಕ್ಲಾಸಿನಲ್ಲೇ ಕೇಳಿದ್ದೆ. 2-4-6 ಯಾವ ನಿಯಮಕ್ಕೆ ಹೊಂದುತ್ತದೆ, ಬೇರೆ ಸಂಖ್ಯೆ ಕೊಟ್ಟು ಪರೀಕ್ಷಿಸಿ ಹೇಳಿ ಅಂದರೆ, ಹಲವರು ಎರಡೆರಡು ಹೆಚ್ಚಬೇಕು ಅಂತ ಊಹಿಸಿ 8-10-12ರಂಥವನ್ನೇ ಕೊಟ್ಟು ‘ಹೌದು’ ಅನ್ನಿಸಿಕೊಂಡು ಖುಷಿಪಟ್ಟರು. ನಿಯಮ ಇದ್ದದ್ದು ಇಷ್ಟೇ: ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ. ತಮ್ಮ ಊಹೆ ತಪ್ಪಾಗಬಹುದಾದ 1-2-3 ಕೊಟ್ಟು ನೋಡಲಿಲ್ಲ. ನನ್ನ ಆಲ್ಬಮ್ ತುಂಬಾ 8-10-12. ಅವಳು ನಗುವ ಇಮೋಜಿ ಕಳಿಸಿದ ದಿನ ಯಾರಾದರೂ ಸ್ಕ್ರೀನ್‌ಶಾಟ್ ತೆಗೀತಾರಾ?

ಒಂದು ಭಾನುವಾರ ವಾಟ್ಸ್‌ಆ್ಯಪ್‌ನಲ್ಲಿ Export chat ಒತ್ತಿ, ಮೀಡಿಯಾ ಬಿಟ್ಟು ಬರೀ ಮಾತನ್ನು ಇಳಿಸಿಕೊಂಡೆ. ಎಣಿಸುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟೆ: ಕೋಪ ಇದ್ದರೆ ಚುಟುಕು ಉತ್ತರ ಮೊದಲಿಗಿಂತ ಜಾಸ್ತಿ ಇರಬೇಕು. ಈ ಚೀಟಿ ಮುಖ್ಯ. ಇಲ್ಲದಿದ್ದರೆ ಎಣಿಸಿದ ಮೇಲೆ ಮನಸ್ಸು ಹೊಸ ಅರ್ಥ ಹುಡುಕುತ್ತದೆ.

ಆ 5 ವಾರದಲ್ಲಿ ಅವಳ 64 ಉತ್ತರಗಳಿದ್ದವು. ಒಂದೆರಡು ಪದದವು 41. ಎಲ್ಲ ಚೆನ್ನಾಗಿದ್ದ ಹಿಂದಿನ 5 ವಾರದಲ್ಲಿ 70ಕ್ಕೆ 44. ಹೆಚ್ಚುಕಡಿಮೆ ಅಷ್ಟೇ. ಚುಕ್ಕಿ ಇಡುವುದು ಅವಳ ಹಳೇ ಚಾಳಿ. ಎರಡೂ ಕಾಲದ ತುಣುಕುಗಳನ್ನು ಬೆರೆಸಿ, ತಾರೀಖು ಮುಚ್ಚಿ, ಕಥೆ ಹೇಳದೆ ಚಿಕ್ಕಮ್ಮನ ಮಗಳಿಗೆ ಕೊಟ್ಟೆ. ಕೋಪದವು ಯಾವುವು ಅಂತ ಅವಳಿಂದ ಬೇರ್ಪಡಿಸೋಕೆ ಆಗಲಿಲ್ಲ.

ಆದರೆ ಒಂದು ವಿಷಯ ನಿಜವಾಗಿಯೂ ಬದಲಾಗಿತ್ತು. ತಾನಾಗಿ ಮಾತು ಶುರು ಮಾಡಿದ್ದು ಮೊದಲು 9 ಸಲ, ಈಗ 2 ಸಲ. ಕೋಪವೋ, ಪುರುಸೊತ್ತಿಲ್ಲವೋ? ನನ್ನ ಮೇಲಷ್ಟೇ ಕೋಪವಾಗಿದ್ದರೆ ಗೆಳತಿಯರ ಗ್ರೂಪಿನಲ್ಲಿ ಮೊದಲಿನ ಹಾಗೇ ಹರಟಬೇಕಿತ್ತು. ನೋಡಿದರೆ ಅಲ್ಲೂ ಸದ್ದಿಲ್ಲ. ಪುರುಸೊತ್ತಿಲ್ಲ ಅನ್ನೋ ಕಡೆಗೆ ತಕ್ಕಡಿ ವಾಲಿತು, ಆದರೂ ಖಾತ್ರಿಯಿಲ್ಲ. ಎಣಿಕೆ ಅಲ್ಲಿಗೇ ನಿಲ್ಲುತ್ತದೆ.

ಫೋನ್ ಮಾಡಿದೆ. “ಕೋಪಾನಾ?” ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಯಾರಾದರೂ “ಇಲ್ಲಪ್ಪ” ಅಂತಾರೆ. “ಈಚೆಗೆ ಹೇಗೆ ನಡೀತಿದೆ ನಿಂದು?” ಅಂದೆ. ಅತ್ತೆಗೆ ಮಂಡಿ ಆಪರೇಷನ್, ಮನೆ, ಆಸ್ಪತ್ರೆ, ಓಡಾಟ. ಅರ್ಧ ಗಂಟೆ ಮಾತಾಡಿ ಇಡುವಾಗ ಅಂದಳು, “ಗೃಹಪ್ರವೇಶಕ್ಕೆ ನೀನು ಬರಲಿಲ್ಲ ನೋಡು, ಆಗ ಮಾತ್ರ ಬೇಜಾರಾಗಿತ್ತು ಕಣೇ.”

ಅದಾಗಿ 8 ತಿಂಗಳು. ಅವತ್ತಿನ ಚಾಟ್ ತೆಗೆದು ನೋಡಿದೆ. ‘ಪರವಾಗಿಲ್ಲ ಬಿಡೇ’ ಅಂತ ಬರೆದು ಎರಡು ಹಾರ್ಟ್ ಹಾಕಿದ್ದಳು.