ಬ್ಯಾಂಕಿಗೆ ಬಂದದ್ದಷ್ಟೇ ಆದಾಯವಲ್ಲ: ಜಾಲತಾಣದ ಗಳಿಕೆಗೆ ಲೆಕ್ಕ ಮತ್ತು ನೋಂದಣಿ ಯಾವಾಗ ಬೇಕು?

ಸಾಮಾಜಿಕ ಜಾಲತಾಣದ ಕೆಲಸದಿಂದ ಹಣ ಗಳಿಸತೊಡಗಿದವರು ತೆರಿಗೆ ನೋಂದಣಿ ಬೇಕೇ ಎಂದು ಯೋಚಿಸುವಾಗ ಸಾಮಾನ್ಯವಾಗಿ ಬ್ಯಾಂಕ್ ಖಾತೆಗೆ ಜಮೆಯಾದ ಮೊತ್ತವನ್ನೇ ನೋಡುತ್ತಾರೆ. ತಪ್ಪಾಗುವುದು ಅಲ್ಲಿಯೇ. ಕಾನೂನು ಕೇಳುವ ಅಂಕಿ ಬಹುತೇಕ ಬೇರೆಯದಾಗಿರುತ್ತದೆ ಮತ್ತು ಜಮೆಯಾದದ್ದಕ್ಕಿಂತ ದೊಡ್ಡದಾಗಿರುತ್ತದೆ.

ಮೊದಲಿಗೆ, ನಿಮ್ಮ ಕೆಲಸ ಹವ್ಯಾಸವೋ ವೃತ್ತಿಯೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಮನೆಯಲ್ಲಿದ್ದ ಹಳೆಯ ವಸ್ತುವೊಂದನ್ನು ಒಮ್ಮೆ ಮಾರಿದರೆ ಅದು ಸಾಮಾನ್ಯವಾಗಿ ವೃತ್ತಿಯಾಗುವುದಿಲ್ಲ. ಆದರೆ ಲಾಭದ ಉದ್ದೇಶದಿಂದ ನಿಯಮಿತವಾಗಿ ವಿಡಿಯೊ ಹಾಕುವುದು, ಪ್ರತಿಫಲಕ್ಕೆ ಬದಲಾಗಿ ಇಂತಿಷ್ಟು ಪ್ರಚಾರ ಮಾಡುತ್ತೇನೆಂದು ಒಪ್ಪಿಕೊಳ್ಳುವುದು ವೃತ್ತಿಯ ಲಕ್ಷಣ. ಅಂಥ ಮೊದಲ ಒಪ್ಪಂದವಾದ ದಿನದಿಂದಲೇ ಲೆಕ್ಕ ಬರೆಯಲು ತೊಡಗಬೇಕು. ನೋಂದಣಿಯ ಮಿತಿ ಇನ್ನೂ ದೂರವಿದ್ದರೂ, ಅದು ದೂರವಿದೆ ಎಂದು ತೋರಿಸುವುದಕ್ಕಾದರೂ ಲೆಕ್ಕ ಬೇಕೇ ಬೇಕು.

ಎರಡನೆಯದಾಗಿ, ಯಾವ ಕಡಿತವನ್ನೂ ಕಳೆಯದ ಒಟ್ಟು ಆದಾಯವನ್ನು ಕಂಡುಕೊಳ್ಳಬೇಕು. ಹಳೆಯ ಕ್ಯಾಮೆರಾಗಳ ದುರಸ್ತಿಯ ಬಗ್ಗೆ ವಿಡಿಯೊ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಹಣ ಯಾವ ದೇಶದ್ದಾದರೂ ಲೆಕ್ಕದ ಕ್ರಮ ಒಂದೇ. ಒಂದು ತಿಂಗಳಲ್ಲಿ ಅಭಿಮಾನಿಗಳು ಚಂದಾ ರೂಪದಲ್ಲಿ 10,000 ಕೊಟ್ಟರು. ಜಾಲತಾಣ ತನ್ನ ಶುಲ್ಕವೆಂದು 3,000, ಮೂಲದಲ್ಲೇ ತೆರಿಗೆಯೆಂದು 1,000 ಹಿಡಿದುಕೊಂಡು 6,000 ಕಳುಹಿಸಿತು. ಕಂಪನಿಯೊಂದರ ಪ್ರಚಾರಕ್ಕೆ 60,000ಕ್ಕೆ ಒಪ್ಪಂದವಾಯಿತು. ಮಧ್ಯವರ್ತಿ ಸಂಸ್ಥೆ 12,000 ಕಮಿಷನ್ ಮುರಿದುಕೊಂಡು 48,000 ಕೊಟ್ಟಿತು. ಇನ್ನೊಂದು ಕಂಪನಿ, ವಿಡಿಯೊ ಮಾಡಬೇಕೆಂಬ ಷರತ್ತಿನ ಮೇಲೆ, ಮಾರುಕಟ್ಟೆಯಲ್ಲಿ 25,000 ಬೆಲೆಬಾಳುವ ಲೆನ್ಸ್ ಒಂದನ್ನು ಅವರಿಗೇ ಕೊಟ್ಟುಬಿಟ್ಟಿತು.

ಖಾತೆಗೆ ಬಂದದ್ದು 54,000. ಒಟ್ಟು ಆದಾಯ 95,000. ಶುಲ್ಕ ಮತ್ತು ಕಮಿಷನ್ ಸೇರಿ 15,000 ಖರ್ಚು. ಅದನ್ನು ಕಳೆದರೆ ಉಳಿಯುವುದು 80,000. ಮೂಲದಲ್ಲಿ ಹಿಡಿದ 1,000 ಖರ್ಚಲ್ಲ, ಸಾಮಾನ್ಯವಾಗಿ ಅದು ಮುಂಗಡವಾಗಿ ಕಟ್ಟಿದ ತೆರಿಗೆ. ಪ್ರಮಾಣಪತ್ರವಿದ್ದರೆ ಮುಂದೆ ಅದನ್ನು ಹೊಂದಿಸಿಕೊಳ್ಳಬಹುದು. ಲೆನ್ಸ್ ಪರೀಕ್ಷೆಗೆಂದು ಬಂದು ಹಿಂದಿರುಗಿದ್ದರೆ ಅದರ ಬೆಲೆ ಆದಾಯವಾಗುತ್ತಿರಲಿಲ್ಲ. ಹಾಗಾಗಿ ಹಿಂದಿರುಗಿಸಿದ ಕೊರಿಯರ್ ರಸೀದಿಯನ್ನೂ ಎತ್ತಿಡಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಯೂಟ್ಯೂಬ್ ದೀರ್ಘ ವಿಡಿಯೊಗಳ ಜಾಹೀರಾತು ಆದಾಯದಲ್ಲಿ 55 ಶೇಕಡಾವನ್ನು ವಿಡಿಯೊ ಮಾಡಿದವರಿಗೆ ಕೊಡುತ್ತದೆ. ಜಾಹೀರಾತನ್ನು ಮಾರುವುದು ಯೂಟ್ಯೂಬ್ ಆದ್ದರಿಂದ ನಿಮ್ಮ ಒಟ್ಟು ಆದಾಯ ಆ 55 ಭಾಗವೇ ಹೊರತು ನೂರಲ್ಲ. ಅಭಿಮಾನಿಗಳ ಚಂದಾದಲ್ಲಿ ಮಾರಾಟಗಾರರು ನೀವೋ ಜಾಲತಾಣವೋ ಎಂಬುದನ್ನು ಒಪ್ಪಂದದ ಷರತ್ತುಗಳೇ ಹೇಳುತ್ತವೆ. ಮೇಲಿನ ಲೆಕ್ಕದಲ್ಲಿ ಮಾರಾಟಗಾರರು ವಿಡಿಯೊ ಮಾಡಿದವರೇ ಎಂದು ಇಟ್ಟುಕೊಂಡಿದ್ದೇವೆ.

ಮೂರನೆಯ ಹೆಜ್ಜೆಯಲ್ಲಿ, ಈ ಅಂಕಿಗಳಲ್ಲಿ ಯಾವುದನ್ನು ಯಾವ ಮಿತಿಯೊಂದಿಗೆ ಹೋಲಿಸಬೇಕೆಂದು ನೋಡಬೇಕು. ಬ್ರಿಟನ್ನಿನ 1,000 ಪೌಂಡ್‌ಗಳ ವ್ಯಾಪಾರ ವಿನಾಯಿತಿಯನ್ನು ಒಟ್ಟು ಆದಾಯದ ಮೇಲೆ ಅಳೆಯುತ್ತಾರೆ. ಅಮೆರಿಕದಲ್ಲಿ ಸ್ವಯಂ ಉದ್ಯೋಗ ತೆರಿಗೆಯ 400 ಡಾಲರ್ ಮಿತಿ ಅನ್ವಯಿಸುವುದು ಖರ್ಚು ಕಳೆದ ಲಾಭಕ್ಕೆ. ಮಾರಾಟ ತೆರಿಗೆಯ ನೋಂದಣಿ ಇದರಿಂದ ಬೇರೆ. ಅದು ಸಾಮಾನ್ಯವಾಗಿ ಲಾಭವನ್ನು ನೋಡದೆ ವಹಿವಾಟನ್ನೇ ನೋಡುತ್ತದೆ. ಆದಾಯ ತೆರಿಗೆ ಬರುವುದಿಲ್ಲವೆಂದು ಖಚಿತವಾದ ಮಾತ್ರಕ್ಕೆ ಈ ನೋಂದಣಿಯೂ ಬೇಡವೆಂದು ತೀರ್ಮಾನಿಸುವುದು ಅಪಾಯಕರ. ಭಾರತದ ಜಿಎಸ್‌ಟಿ ಆರ್ಥಿಕ ವರ್ಷದ ವಹಿವಾಟನ್ನು ಲೆಕ್ಕ ಹಾಕಿದರೆ, ಬ್ರಿಟನ್ನಿನ ವ್ಯಾಟ್ ಪ್ರತಿ ತಿಂಗಳ ಕೊನೆಯಲ್ಲಿ ಹಿಂದಿನ 12 ತಿಂಗಳನ್ನು ಕೂಡಿಸಿ ನೋಡುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮೊತ್ತ ಕೂಡಿಸುವುದು ಕ್ಷೇಮ.

ದಾಖಲೆ ಪುಸ್ತಕಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು: ದಿನಾಂಕ, ಕೊಟ್ಟವರು, ಕೆಲಸ, ಒಟ್ಟು ಮೊತ್ತ, ಕಡಿತ, ಕೈಗೆ ಬಂದದ್ದು, ವಿದೇಶಿ ಹಣವಾದರೆ ಆ ದಿನದ ವಿನಿಮಯ ದರ. ಜಾಲತಾಣದ ಪಾವತಿ ವಿವರವನ್ನು ಪ್ರತಿ ತಿಂಗಳೂ ಇಳಿಸಿಕೊಳ್ಳಿ, ಏಕೆಂದರೆ ಖಾತೆ ಮುಚ್ಚಿದರೆ ಅದು ಸಿಗದೇ ಹೋಗಬಹುದು. ವಸ್ತು ರೂಪದ ಪ್ರತಿಫಲಕ್ಕೆ ಅಂದಿನ ಮಾರಾಟ ಬೆಲೆ ಕಾಣುವ ಪುಟದ ಚಿತ್ರವನ್ನು ಉಳಿಸಿಕೊಳ್ಳಿ.

ಮಿತಿ ದಾಟಿದ್ದು ತಡವಾಗಿ ಗೊತ್ತಾದರೆ, ಸಾಮಾನ್ಯವಾಗಿ ನೋಂದಣಿ ಆಗಬೇಕಿದ್ದ ದಿನದಿಂದಲೇ ತೆರಿಗೆ ಲೆಕ್ಕವಾಗುತ್ತದೆ. ಆ 60,000ದ ಒಪ್ಪಂದದಲ್ಲಿ ತೆರಿಗೆ ಪ್ರತ್ಯೇಕ ಎಂದು ಬರೆದಿರದಿದ್ದರೆ, ಮೊತ್ತದೊಳಗೇ ತೆರಿಗೆ ಸೇರಿದೆಯೆಂದು ಎಣಿಸುವ ನಿಯಮವಿರುವಲ್ಲಿ, 20 ಶೇಕಡಾ ದರಕ್ಕೆ 10,000 ಕಟ್ಟಬೇಕಾಗುತ್ತದೆ. ಕಂಪನಿ ಈಗ ಹೆಚ್ಚುವರಿ ಹಣ ಕೊಡಲು ಒಪ್ಪದಿದ್ದರೆ, ಕೈಗೆ ಬಂದಿದ್ದ 48,000ದಿಂದಲೇ ಅದನ್ನು ತೆಗೆದುಕೊಡಬೇಕು. ಬಡ್ಡಿ, ದಂಡಗಳು ಬೇರೆ.