ಬಾಟಲಿಯಲ್ಲಿ ಮದ್ಯಸಾರ ಎಷ್ಟು? ಲೇಬಲ್ ನೋಡಿ ಲೆಕ್ಕ ಹಾಕಿ

‘ನಾನು ಹಾಟ್ ಮುಟ್ಟೋದೇ ಇಲ್ಲ, ಬರೀ ಬಿಯರ್ ಅಷ್ಟೇ’ ಎಂದು ಹೇಳುವವರು ಎಲ್ಲ ಗೆಳೆಯರ ಗುಂಪಿನಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ವಿಸ್ಕಿ ಕುಡಿಯುವವನಿಗಿಂತ ತಾನು ಹಗುರ ಎಂಬ ನಂಬಿಕೆ ಅದು. ನಿಜವೋ ಅಲ್ಲವೋ ಎಂಬುದನ್ನು ಬಾಟಲಿಯ ಮೇಲಿನ ಎರಡೇ ಅಂಕಿಗಳಿಂದ ಕಂಡುಕೊಳ್ಳಬಹುದು. ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಲೇಬಲ್ ಓದಿ

ಬೇಕಾದ ಅಂಕಿಗಳು ಎರಡು. ಒಂದು, ಬಾಟಲಿಯಲ್ಲಿ ಎಷ್ಟು ಎಂಎಲ್ ಇದೆ ಎಂಬುದು. ಇನ್ನೊಂದು, ಮದ್ಯಸಾರದ ಶೇಕಡಾವಾರು. ಇದನ್ನು ‘% v/v’ ಎಂದು ಅಚ್ಚು ಹಾಕಿರುತ್ತಾರೆ. 100 ಎಂಎಲ್ ಪಾನೀಯದಲ್ಲಿ ಎಷ್ಟು ಎಂಎಲ್ ಶುದ್ಧ ಮದ್ಯಸಾರವಿದೆ ಎಂದು ಅದರ ಅರ್ಥ.

ನಮ್ಮ ದೇಶದಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳಲ್ಲಿ 42.8 ಎಂಬ ವಿಚಿತ್ರ ಸಂಖ್ಯೆ ಮತ್ತೆ ಮತ್ತೆ ಕಾಣುತ್ತದೆ. ಇದು ಬ್ರಿಟಿಷರ ಹಳೆಯ ‘ಪ್ರೂಫ್’ ಲೆಕ್ಕದ ಪಳೆಯುಳಿಕೆ. ಆ ಲೆಕ್ಕದಲ್ಲಿ 100 ಪ್ರೂಫ್ ಎಂದರೆ ಸುಮಾರು ಶೇ 57.1, ನಮ್ಮ ಮದ್ಯ 75 ಪ್ರೂಫ್, ಅಂದರೆ ಶೇ 42.8. ಅಮೆರಿಕದ ಪ್ರೂಫ್ ಬೇರೆ. ಅಲ್ಲಿ ಪ್ರೂಫ್‌ನ ಅರ್ಧ ಮಾಡಿದರೆ ಶೇಕಡಾವಾರು ಸಿಗುತ್ತದೆ. ಯಾರೋ ವಿದೇಶದಿಂದ ತಂದುಕೊಟ್ಟ ಬಾಟಲಿಯಲ್ಲಿ 86 ಪ್ರೂಫ್ ಎಂದಿದ್ದರೆ ಗಾಬರಿ ಬೇಡ, ಅದು ಶೇ 43 ಮಾತ್ರ.

ಬಿಯರ್‌ನಲ್ಲಿ ಶೇಕಡಾವಾರು ನೋಡುವುದನ್ನು ಮಾತ್ರ ತಪ್ಪಿಸಬೇಡಿ. ಮೈಲ್ಡ್ ಆದರೆ ಶೇ 5ರ ಒಳಗೆ, ಸ್ಟ್ರಾಂಗ್ ಆದರೆ ಶೇ 8ರವರೆಗೂ ಇರುತ್ತದೆ. ಬಾಟಲಿಯ ಗಾತ್ರ ಮಾತ್ರ ಎರಡಕ್ಕೂ ಒಂದೇ.

ಈಗ ಗ್ರಾಮಿಗೆ ಇಳಿಸಿ

ಮದ್ಯಸಾರ ನೀರಿಗಿಂತ ಹಗುರ. ಅದರ ಒಂದು ಎಂಎಲ್ ತೂಗುವುದು 0.789 ಗ್ರಾಂ. ಆದ್ದರಿಂದ ಸೂತ್ರ ಹೀಗೆ:

ಎಂಎಲ್ × ಶೇಕಡಾವಾರು ÷ 100 × 0.789 = ಗ್ರಾಂ ಮದ್ಯಸಾರ

ಬಾಯಿಲೆಕ್ಕಕ್ಕೆ 0.8 ಎಂದುಕೊಂಡರೂ ನಡೆಯುತ್ತದೆ. ಹಲವರು 0.789ರಿಂದ ಗುಣಿಸುವುದನ್ನೇ ಮರೆತು ಎಂಎಲ್ ಅನ್ನೇ ಗ್ರಾಂ ಎಂದು ಓದುತ್ತಾರೆ. ಆಗ ಉತ್ತರ ಕಾಲು ಭಾಗದಷ್ಟು ಹೆಚ್ಚಾಗುತ್ತದೆ.

30 ಎಂಎಲ್‌ನ ಸ್ಮಾಲ್ ಪೆಗ್ ತೆಗೆದುಕೊಳ್ಳಿ. 30ರಲ್ಲಿ ಶೇ 42.8 ಎಂದರೆ 12.84 ಎಂಎಲ್. ಅದನ್ನು 0.789ರಿಂದ ಗುಣಿಸಿದರೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ‘ಒಂದು ಸ್ಟ್ಯಾಂಡರ್ಡ್ ಡ್ರಿಂಕ್’ ಎಂದು ಎಣಿಸುವುದೂ ಈ 10 ಗ್ರಾಮನ್ನೇ. ಹಾಗಾಗಿ ನಮ್ಮವರಿಗೆ ಲೆಕ್ಕ ಬಲು ಸುಲಭ: ಒಂದು ಸ್ಮಾಲ್, ಒಂದು ಡ್ರಿಂಕ್. ಲಾರ್ಜ್ ಎಂದರೆ ಎರಡು, ನೈಂಟಿ ಎಂದರೆ ಮೂರು, ಕ್ವಾರ್ಟರ್ ಎಂದರೆ ಆರು. ಸೋಡಾ, ನೀರು, ಐಸ್ ಎಷ್ಟೇ ಬೆರೆಸಿದರೂ ಈ ಸಂಖ್ಯೆ ಬದಲಾಗದು.

ಇದೇ ಅಳತೆಯಲ್ಲಿ ಬಿಯರ್ ನೋಡೋಣ. ಶೇ 5ರ 650 ಎಂಎಲ್ ಬಾಟಲಿಯಲ್ಲಿ ಸುಮಾರು 26 ಗ್ರಾಂ, ಅಂದರೆ ಎರಡೂವರೆ ಸ್ಮಾಲ್. ಅದೇ ಗಾತ್ರದ ಶೇ 8ರ ಸ್ಟ್ರಾಂಗ್ ಬಿಯರ್‌ನಲ್ಲಿ 41 ಗ್ರಾಂ. ನಾಲ್ಕು ಸ್ಮಾಲ್! ‘ಬರೀ ಬಿಯರ್’ ಎನ್ನುವವನು ಒಂದು ಬಾಟಲಿ ಮುಗಿಸುವ ಹೊತ್ತಿಗೆ ಎದುರಿಗೆ ಕೂತು ನೈಂಟಿ ಕುಡಿದವನನ್ನು ದಾಟಿರುತ್ತಾನೆ.

ವೈನ್‌ನಲ್ಲಿ ಎಡವಟ್ಟಾಗುವುದು ಲೋಟದಿಂದ. ಶೇ 13ರ ವೈನ್ 150 ಎಂಎಲ್ ಸುರಿದರೆ 15 ಗ್ರಾಂ, ಅಂದರೆ ಒಂದೂವರೆ ಡ್ರಿಂಕ್. ಆದರೆ ದೊಡ್ಡ ಹೊಟ್ಟೆಯ ವೈನ್ ಗ್ಲಾಸಿನಲ್ಲಿ 150 ಎಂಎಲ್ ತಳದಲ್ಲೆಲ್ಲೋ ಕಾಣುತ್ತದೆ, ಕೈ ತಾನಾಗಿ ಇನ್ನಷ್ಟು ಸುರಿಯುತ್ತದೆ. ಮನೆಯಲ್ಲಿ ಹಾಕಿಕೊಳ್ಳುವ ಪೆಗ್‌ನ ಕಥೆಯೂ ಅಷ್ಟೇ. ಒಮ್ಮೆ ಪರೀಕ್ಷಿಸಿ ನೋಡಿ: ಎಂದಿನ ಲೋಟಕ್ಕೆ ಎಂದಿನ ಮಟ್ಟಕ್ಕೆ ನೀರು ಸುರಿದು, ಆ ನೀರನ್ನು ಅಳತೆಗೆರೆ ಇರುವ ಟಾನಿಕ್ ಮುಚ್ಚಳದಲ್ಲಿ ಅಳೆಯಿರಿ. ‘ಲಾರ್ಜ್’ ಎಂದುಕೊಂಡಿದ್ದು 60ಕ್ಕೆ ನಿಲ್ಲುತ್ತದೋ 80ಕ್ಕೆ ಹೋಗುತ್ತದೋ ಗೊತ್ತಾಗುತ್ತದೆ.

ಈ ಲೆಕ್ಕವೆಲ್ಲ ಸೀಲ್ ಇರುವ, ಲೇಬಲ್ ಇರುವ ಮದ್ಯಕ್ಕೆ ಮಾತ್ರ. ಕಳ್ಳಭಟ್ಟಿಯಲ್ಲಿ ಎಷ್ಟಿದೆ ಎಂದು ಯಾರೂ ಹೇಳಲಾರರು. ಅದರಲ್ಲಿ ಮೆಥನಾಲ್ ಸೇರಿದ್ದರೆ ಕಣ್ಣೂ ಹೋಗಬಹುದು, ಜೀವವೂ ಹೋಗಬಹುದು.

ಮಾರ್ಗಸೂಚಿ ಓದುವುದು ಹೇಗೆ

ಇಂಟರ್ನೆಟ್ಟಿನಲ್ಲಿ ‘ವಾರಕ್ಕೆ 14 ಯೂನಿಟ್’ ಎಂದು ನೋಡಿ ಹದಿನಾಲ್ಕು ಪೆಗ್ ಎಂದುಕೊಂಡರೆ ಕೆಟ್ಟಿರಿ. ಅದು ಬ್ರಿಟನ್ನಿನ 2016ರ ಸಲಹೆ. ಅವರ ಯೂನಿಟ್ 8 ಗ್ರಾಮಿನದು, ಆದ್ದರಿಂದ 14 ಯೂನಿಟ್ ಎಂದರೆ 112 ಗ್ರಾಂ, ನಮ್ಮ ಹನ್ನೊಂದು ಸ್ಮಾಲ್. ಗಂಡಸು ಹೆಂಗಸು ಇಬ್ಬರಿಗೂ ಅದೇ ಮಿತಿ. ಅಷ್ಟು ಕುಡಿಯುವವರು ಅದನ್ನು ಮೂರು ಅಥವಾ ಹೆಚ್ಚು ದಿನಗಳಿಗೆ ಹಂಚಬೇಕು ಎಂಬ ಸಾಲೂ ಜೊತೆಗಿದೆ. ಆಸ್ಟ್ರೇಲಿಯಾದ ಡ್ರಿಂಕ್ 10 ಗ್ರಾಂ. ಅವರ 2020ರ ಮಾರ್ಗಸೂಚಿ ಪ್ರಕಾರ ವಾರಕ್ಕೆ ಹತ್ತು ಮೀರಬಾರದು, ಯಾವುದೇ ಒಂದು ದಿನ ನಾಲ್ಕು ಮೀರಬಾರದು. ಅಮೆರಿಕದ ಡ್ರಿಂಕ್ 14 ಗ್ರಾಂ. ಹಾಗಾಗಿ ಯಾವ ದೇಶದ್ದನ್ನು ಓದಿದರೂ ಮೊದಲು ಗ್ರಾಮಿಗೆ ತನ್ನಿ, ಆಮೇಲೆ ಹೋಲಿಸಿ.

ಒಂದು ವಾರದ ಉದಾಹರಣೆ. ಬುಧವಾರ ಒಂದು ಸ್ಟ್ರಾಂಗ್ ಬಿಯರ್, ಶನಿವಾರ ಎರಡು, ಭಾನುವಾರ ಬಾಡೂಟದ ಜೊತೆ ಒಂದು ಕ್ವಾರ್ಟರ್. ‘ಅಪರೂಪಕ್ಕೆ, ವಾರದಲ್ಲಿ ಮೂರು ದಿನ’ ಎಂದು ಅನ್ನಿಸುತ್ತದೆ. ಕೂಡಿಸಿ: 41, 82, 61. ಒಟ್ಟು 184 ಗ್ರಾಂ. ಬ್ರಿಟನ್ನಿನ ಮಿತಿಯನ್ನೂ ಮೀರಿತು, ಆಸ್ಟ್ರೇಲಿಯಾದ್ದನ್ನೂ ಮೀರಿತು. ಶನಿವಾರ ಒಂದೇ ದಿನ ಎಂಟು ಡ್ರಿಂಕ್, ದಿನದ ಮಿತಿಯ ಎರಡರಷ್ಟು.

‘ಕಡಿಮೆ ಅಪಾಯ’ ಎಂದರೆ ಅಪಾಯವಿಲ್ಲ ಎಂದಲ್ಲ. ಆಸ್ಟ್ರೇಲಿಯಾದವರು ಮಿತಿ ಹಾಕಿದ್ದು, ಮದ್ಯದಿಂದ ಬರುವ ರೋಗ ಅಥವಾ ಅವಘಡದಿಂದ ಸಾಯುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಇರಲಿ ಎಂಬ ಲೆಕ್ಕದಲ್ಲಿ. ಕ್ಯಾನ್ಸರಿನ ದೃಷ್ಟಿಯಿಂದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಲ್ಲದೆ ಈ ಮಿತಿಗಳೆಲ್ಲ ಆರೋಗ್ಯವಂತ ವಯಸ್ಕರಿಗೆ. ಬಸುರಿಯರಿಗೆ, ಗರ್ಭ ಧರಿಸಲು ಯೋಜಿಸುತ್ತಿರುವವರಿಗೆ ಸಲಹೆ ಸೊನ್ನೆ. ಲಿವರ್ ಕೆಟ್ಟವರು, ನಿದ್ರೆ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುವವರು ಈ ಅಂಕಿಗಳನ್ನು ತಮಗೆ ಅನ್ವಯಿಸಿಕೊಳ್ಳದೆ ವೈದ್ಯರನ್ನು ಕೇಳಬೇಕು.

ದಿನವೂ ಕ್ವಾರ್ಟರ್ ಅಥವಾ ಅದಕ್ಕೂ ಹೆಚ್ಚು ಕುಡಿಯುವವರು ಲೆಕ್ಕ ನೋಡಿ ಬೆಚ್ಚಿ ಒಮ್ಮೆಗೇ ನಿಲ್ಲಿಸಬಾರದು. ಬೆಳಿಗ್ಗೆ ಕೈ ನಡುಗುವುದು, ಬೆವರುವುದು, ಒಂದು ಗುಟುಕು ಹೋದಮೇಲೆಯೇ ಸರಿಯಾಗುವುದು ಇದ್ದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದರ್ಥ. ಅಂಥವರಿಗೆ ತಟ್ಟನೆ ಬಿಟ್ಟಾಗ ಫಿಟ್ಸ್ ಬರಬಹುದು, ಭ್ರಮೆ ಕಾಣಿಸಬಹುದು. ವೈದ್ಯರ ಕಣ್ಗಾವಲಿನಲ್ಲೇ ಬಿಡಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಗಾಡಿ ಓಡಿಸಲು ಈ ಲೆಕ್ಕ ಸಲ್ಲದು

ವಾರದ ಮಿತಿಗೂ ಡ್ರಿಂಕ್ ಅಂಡ್ ಡ್ರೈವ್ ಕಾನೂನಿಗೂ ಸಂಬಂಧವಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ದೇಹ ಮದ್ಯಸಾರವನ್ನು ಕರಗಿಸುವುದು ಗಂಟೆಗೆ ಸುಮಾರು 7ರಿಂದ 10 ಗ್ರಾಂ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಶನಿವಾರದ ಎರಡು ಸ್ಟ್ರಾಂಗ್ ಬಿಯರ್‌ನ 82 ಗ್ರಾಂ ಪೂರ್ತಿ ಇಳಿಯಲು ಎಂಟರಿಂದ ಹನ್ನೆರಡು ಗಂಟೆ ಬೇಕು. ರಾತ್ರಿ 11ಕ್ಕೆ ಬಾಟಲಿ ಕೆಳಗಿಟ್ಟು, ಬೆಳಿಗ್ಗೆ 6ಕ್ಕೆ ಊರಿಗೆಂದು ಬೈಕ್ ಹತ್ತುವವನ ರಕ್ತದಲ್ಲಿ ಅದು ಇನ್ನೂ ಉಳಿದಿರುತ್ತದೆ.