ಕರಣಿಗಳ ಏರಿಕೆ ಕ್ರಮ: ಒಂದೂವರೆಯ ನೆರವು

√2, 2^(2/3), 3^(2/5), 5^(1/4) ಎಂಬ ನಾಲ್ಕು ಸಂಖ್ಯೆಗಳನ್ನು ಕ್ಯಾಲ್ಕುಲೇಟರ್ ಇಲ್ಲದೆ ಏರಿಕೆ ಕ್ರಮದಲ್ಲಿ ಬರೆಯಬೇಕಾದಾಗ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಎಲ್ಲ ಛೇದಗಳ ಲ.ಸಾ.ಅ. ತೆಗೆದು ಸಮಾನ ಕ್ರಮದ ಕರಣಿಗಳಾಗಿ ಮಾಡುವುದೇ ರೂಢಿಯ ವಿಧಾನ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಇಲ್ಲಿ 2, 3, 5, 4ರ ಲ.ಸಾ.ಅ. 60 ಆಗುವುದರಿಂದ 2^30, 2^40, 3^24, 5^15ಗಳನ್ನು ಹೋಲಿಸಬೇಕಾಗುತ್ತದೆ. ಇಷ್ಟು ದೊಡ್ಡ ಗುಣಾಕಾರವನ್ನು ಕೈಯಲ್ಲಿ ಮಾಡುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ನಾನು ಮೊದಲು ಸಂಖ್ಯೆಗಳನ್ನು ಎರಡು ಗುಂಪುಗಳಾಗಿ ಒಡೆಯುತ್ತೇನೆ. ನಾಲ್ಕೂ 1 ಮತ್ತು 2ರ ನಡುವೆ ಇರುವುದು ಸ್ಪಷ್ಟವಾಗಿರುವುದರಿಂದ, ನಡುವಿನ 3/2ನ್ನು ಗಡಿಯಾಗಿ ಇಟ್ಟುಕೊಂಡು, ಪ್ರತಿಯೊಂದನ್ನೂ ಅದರೊಂದಿಗೆ ಮಾತ್ರ ಹೋಲಿಸುತ್ತೇನೆ. 3/2ರ ವರ್ಗ 9/4. ಇದು 2ಕ್ಕಿಂತ ದೊಡ್ಡದು, ಹಾಗಾಗಿ √2 ಗಡಿಯ ಕೆಳಗಿದೆ. 2^(2/3) ಎಂದರೆ 4ರ ಘನಮೂಲ. 3/2ರ ಘನ 27/8, 4ಕ್ಕಿಂತ ಚಿಕ್ಕದು, ಆದ್ದರಿಂದ ಇದು ಗಡಿಯ ಮೇಲಿದೆ. 3^(2/5) ಎಂದರೆ 9ರ ಐದನೆಯ ಮೂಲ. 3/2ರ ಐದನೆಯ ಘಾತವಾದ 243/32, 8ನ್ನೂ ಮುಟ್ಟುವುದಿಲ್ಲವಾದ್ದರಿಂದ ಇದೂ ಮೇಲಿನ ಗುಂಪಿಗೇ ಸೇರುತ್ತದೆ. ಎಚ್ಚರ ಬೇಕಾಗುವುದು 5^(1/4)ರಲ್ಲಿ. 3/2ರ ನಾಲ್ಕನೆಯ ಘಾತ 81/16, ಆದರೆ 5 ಎಂದರೆ 80/16. ಅಂತರ ಕೇವಲ 1/16 ಇರುವುದರಿಂದ, ಅಂದಾಜಿನ ದಶಮಾಂಶಗಳನ್ನು ಬಳಸಿದರೆ ಎಡವುವ ಸಾಧ್ಯತೆಯಿದೆ. ಭಿನ್ನರಾಶಿಯಲ್ಲೇ ಉಳಿದರೆ ಸಂಶಯಕ್ಕೆ ಎಡೆಯಿಲ್ಲದೆ 5^(1/4) ಗಡಿಯ ಕೆಳಗೆ ಬೀಳುತ್ತದೆ.

ಇನ್ನು ಉಳಿಯುವುದು ಎರಡೇ ಹೋಲಿಕೆ. ಕೆಳಗಿನ ಜೋಡಿಯನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ √2ರಿಂದ 4, ಇನ್ನೊಂದರಿಂದ 5 ಬರುತ್ತದೆ. ಮೇಲಿನ ಜೋಡಿಗೆ 15ನೆಯ ಘಾತ ಸಾಕು: 2^10 = 1024 ಮತ್ತು 3^6 = 729. ಹೀಗೆ √2 < 5^(1/4) < 3^(2/5) < 2^(2/3) ಎಂಬ ಕ್ರಮ ಸಿಗುತ್ತದೆ. ಎಲ್ಲವೂ ಗಡಿಯ ಒಂದೇ ಬದಿಗೆ ಬಿದ್ದರೆ ನಾನು 4/3 ಅಥವಾ 5/3ರಂತಹ ಬೇರೆ ಸರಳ ಭಿನ್ನರಾಶಿಯನ್ನು ಆರಿಸಿಕೊಳ್ಳುತ್ತೇನೆ.

ಕರಣಿಯ ಹಿಂದೆ ಗುಣಕವಿದ್ದರೆ ಅದನ್ನು ಮೊದಲು ಒಳಗೆ ಸೇರಿಸಬೇಕು. ಘನಮೂಲದ ಒಳಗೆ ಹೋಗುವ 3, ಅಲ್ಲಿ 27 ಆಗುತ್ತದೆಯೇ ಹೊರತು 9 ಅಲ್ಲ. ಎರಡೂ ಬದಿಗಳನ್ನು ಒಂದೇ ಘಾತಕ್ಕೆ ಏರಿಸಿದಾಗ ಕ್ರಮ ಉಳಿಯುವುದೆಂಬ ಭರವಸೆ ಧನ ಸಂಖ್ಯೆಗಳಿಗೆ ಮಾತ್ರ ಇರುವುದರಿಂದ, ಪಟ್ಟಿಯಲ್ಲಿ ಋಣ ಸಂಖ್ಯೆಗಳಿದ್ದರೆ ಅವನ್ನು ಬೇರೆ ತೆಗೆದು, ಚಿಹ್ನೆಯಿಲ್ಲದೆ ಹೋಲಿಸಿ, ಬಂದ ಕ್ರಮವನ್ನು ತಿರುವಿ ಧನ ಸಂಖ್ಯೆಗಳಿಗಿಂತ ಮೊದಲು ಇರಿಸುತ್ತೇನೆ.